ವಾಯುನಾಳದ ಸೋರಿಕೆ ಮತ್ತು ಗಾಳಿಯ ಸಮತೋಲನ: ಕಚೇರಿಯ ಒಂದು ಮಹಡಿಯಲ್ಲಿ ಪರೀಕ್ಷಾಕ್ರಮ

ಹವಾನಿಯಂತ್ರಿತ ಕಚೇರಿಯ ಮಹಡಿಯಲ್ಲಿ ಒಂದು ಮೂಲೆ ಚಳಿಯಿಂದಲೂ ಮತ್ತೊಂದು ಸೆಕೆಯಿಂದಲೂ ಕೂಡಿದ್ದರೆ, ದೋಷವು ಹೆಚ್ಚಾಗಿ ಯಂತ್ರದ್ದಲ್ಲ, ಗಾಳಿಯ ಹಂಚಿಕೆಯದು. ಇದನ್ನು ಸರಿಪಡಿಸಲು ಎರಡು ಪರೀಕ್ಷೆಗಳುಂಟು. ಅವುಗಳ ಕ್ರಮವನ್ನು ತಿರುಗಿಸಬಾರದೆಂಬುದನ್ನು ಇಲ್ಲಿ ವಿವರಿಸುತ್ತೇವೆ.

ಮೊದಲನೆಯದು ಸೋರಿಕೆಯ ಪರೀಕ್ಷೆ. ತಗಡಿನ ನಾಳಕ್ಕೆ ಉಷ್ಣನಿರೋಧಕ ಹೊದಿಕೆಯನ್ನು ಸುತ್ತುವ ಮುನ್ನ, ಕೃತಕ ಒಳಮಾಳಿಗೆ ಅದನ್ನು ಮರೆಮಾಡುವ ಮುನ್ನ ಇದು ಮುಗಿಯಬೇಕು. ನಾಳದ ಒಂದು ಭಾಗದ ಎಲ್ಲ ಬಾಯಿಗಳನ್ನೂ ಮುಚ್ಚಿ, ಸಣ್ಣ ಫ್ಯಾನಿನಿಂದ ಗಾಳಿಯನ್ನು ತುಂಬಿ, ಒತ್ತಡವನ್ನು 500 ಪಾಸ್ಕಲಿನಲ್ಲಿ 15 ನಿಮಿಷ ಸ್ಥಿರವಾಗಿ ನಿಲ್ಲಿಸುತ್ತೇವೆ. ಒತ್ತಡವನ್ನು ಹಾಗೆ ಉಳಿಸಲು ಬೇಕಾಗುವ ಗಾಳಿಯೇ ಸೋರಿಕೆ. ಬ್ರಿಟನ್ನಿನ ಡಿಡಬ್ಲ್ಯು/143 ಕ್ರಮದಲ್ಲಿ 'ಬಿ' ವರ್ಗದ ನಾಳದ ಮಿತಿಯು ಹೀಗಿದೆ:

q = 0.009 × p^0.65

ಇಲ್ಲಿ p ಎಂಬುದು ಪಾಸ್ಕಲಿನಲ್ಲಿ ಒತ್ತಡ; q ಎಂಬುದು ನಾಳದ ಪ್ರತಿ ಚದರ ಮೀಟರ್ ಮೇಲ್ಮೈಗೆ ಸೆಕೆಂಡಿಗೆ ಲೀಟರ್. 500 ಪಾಸ್ಕಲಿಗೆ ಇದು 0.51 ಆಗುತ್ತದೆ.

80 ಚದರ ಮೀಟರ್ ಮೇಲ್ಮೈಯ ಭಾಗವೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮಿತಿ ಸೆಕೆಂಡಿಗೆ 41 ಲೀಟರ್. ಅಳತೆ 58 ಎಂದಿರಲಿ. ಕೀಲುಗಳಿಗೆ ಸಾಬೂನಿನ ನೀರನ್ನು ಸವರಿದರೆ ಗುಳ್ಳೆಗಳೇ ತಪ್ಪನ್ನು ತೋರಿಸುತ್ತವೆ. ಸಾಮಾನ್ಯವಾಗಿ ಫ್ಲಾಂಜಿನ ನಾಲ್ಕು ಮೂಲೆಗಳೂ ಕವಲು ಕೂಡುವ ಸ್ಥಳವೂ ಅಪರಾಧಿಗಳು. ಅಲ್ಲಿ ಸೀಲಂಟ್ ಹಚ್ಚಿ, ಒಣಗಿದ ಮೇಲೆ ಪುನಃ ಅಳೆದಾಗ 36 ಬಂದರೆ ಆ ಭಾಗವು ಸ್ವೀಕಾರಾರ್ಹ.

ಈಗ ಸಮತೋಲನ. ಒಂದು ಕವಲಿನಲ್ಲಿ ನಾಲ್ಕು ಡಿಫ್ಯೂಸರುಗಳಿದ್ದು, ಪ್ರತಿಯೊಂದಕ್ಕೂ ಸೆಕೆಂಡಿಗೆ 100 ಲೀಟರ್ ವಿನ್ಯಾಸವಿದೆ ಎನ್ನೋಣ. ಎಲ್ಲ ಡ್ಯಾಂಪರುಗಳನ್ನೂ ತೆರೆದು ಅಳೆದಾಗ ಫ್ಯಾನಿನ ಕಡೆಯಿಂದ ಕ್ರಮವಾಗಿ 128, 112, 96, 80 ಬಂದವು. ಅತ್ಯಂತ ಕಡಿಮೆ ಪಡೆದ ನಾಲ್ಕನೆಯದರ ಡ್ಯಾಂಪರನ್ನು ಮುಟ್ಟಬಾರದು. ಅದು ಪೂರ್ಣ ತೆರೆದೇ ಇರಲಿ. ಮೂರನೆಯದನ್ನು ಸ್ವಲ್ಪ ಮುಚ್ಚಿ ನಾಲ್ಕನೆಯದರ ಪ್ರಮಾಣಕ್ಕೆ ತರುತ್ತೇವೆ. ಹಾಗೆ ಮುಚ್ಚಿದಾಗ ನಾಲ್ಕನೆಯದು ತಾನಾಗಿಯೇ ಏರುವುದರಿಂದ, ಪ್ರತಿ ಸಲವೂ ಅದನ್ನು ಮತ್ತೆ ಓದಿಕೊಂಡೇ ಹೋಲಿಸಬೇಕು. ಅನಂತರ ಎರಡನೆಯದು, ಕೊನೆಗೆ ಮೊದಲನೆಯದು. 100 ಎಂಬ ಅಂಕಿಯನ್ನೇ ಬೆನ್ನಟ್ಟಿ ಒಂದೊಂದನ್ನೂ ತಿರುಗಿಸುವವರಿಗೆ ಕೆಲಸ ಮುಗಿಯುವುದೇ ಇಲ್ಲ. ಸಾಧಿಸಬೇಕಾದುದು ಸಮಾನ ಪ್ರಮಾಣವನ್ನು ಮಾತ್ರ. ಕವಲುಗಳನ್ನೂ ಪರಸ್ಪರ ಹೀಗೆಯೇ ಸರಿದೂಗಿಸಿ, ಕಡೆಯಲ್ಲಿ ಫ್ಯಾನಿನ ವೇಗದಿಂದ ಒಟ್ಟು ಗಾಳಿಯನ್ನು ವಿನ್ಯಾಸಕ್ಕೆ ತರುತ್ತೇವೆ. ಪ್ರತಿ ಡಿಫ್ಯೂಸರಿನಲ್ಲೂ ವಿನ್ಯಾಸದ ±10 ಪ್ರತಿಶತ ವ್ಯತ್ಯಾಸವನ್ನು ಒಪ್ಪುವುದು ವಾಡಿಕೆ.

ಸೋರಿಕೆಯನ್ನು ಬಿಟ್ಟು ಸಮತೋಲನಕ್ಕೆ ಕೈಹಾಕಿದವರು ಸಿಕ್ಕಿಬೀಳುವುದು ಈ ಕೊನೆಯ ಹಂತದಲ್ಲಿ. ಡಿಫ್ಯೂಸರುಗಳ ಮೊತ್ತವು ವಿನ್ಯಾಸಕ್ಕಿಂತ 8 ಪ್ರತಿಶತ ಕಡಿಮೆಯಿದ್ದರೆ ಫ್ಯಾನಿನ ವೇಗವನ್ನು 1.087 ಪಟ್ಟು ಮಾಡಬೇಕು. ಶಕ್ತಿಯು ವೇಗದ ಘನಕ್ಕೆ ಅನುಗುಣವಾದುದರಿಂದ ಮೋಟಾರಿನ ಹೊರೆ ಸುಮಾರು 28 ಪ್ರತಿಶತ ಏರುತ್ತದೆ. ವೇಗ ಹೆಚ್ಚಿದಂತೆ ನಾಳದ ಒತ್ತಡವೂ ಏರಿ ಸೋರಿಕೆಯೂ ಬೆಳೆಯುತ್ತದೆ. ಆದುದರಿಂದ ಮುಖ್ಯ ನಾಳದಲ್ಲಿ ಪಿಟೋ ನಳಿಕೆಯಿಂದ ಅಳೆದ ಒಟ್ಟು ಗಾಳಿಯನ್ನು ಡಿಫ್ಯೂಸರುಗಳ ಮೊತ್ತದೊಡನೆ ಮೊದಲು ಹೋಲಿಸತಕ್ಕದ್ದು. ಅಂತರವು ಅಳತೆಯ ದೋಷವನ್ನು ಮೀರಿದ್ದರೆ, ಪಟ್ಟಿಚಕ್ರವನ್ನು ಬದಲಿಸುವ ಮುನ್ನ ಒಳಮಾಳಿಗೆಯ ಹಲಗೆಗಳನ್ನು ಬಿಚ್ಚಿ ಕೀಲುಗಳನ್ನು ನೋಡಬೇಕು.