ಡಿಸ್ಕ್ ಕಳಚಿ ಒಯ್ದರೆ ಫರ್ಮ್‌ವೇರ್ ಪಾಸ್‌ವರ್ಡ್ ಕಾಯುತ್ತದೆಯೇ?

ಪ್ರಶ್ನೆ: ನನ್ನದು 2012ರ 13 ಇಂಚಿನ ಮ್ಯಾಕ್‌ಬುಕ್ ಪ್ರೊ. ಗ್ರಾಹಕರ ತೆರಿಗೆ ಕಾಗದಪತ್ರಗಳೆಲ್ಲ ಅದರಲ್ಲೇ ಇವೆ. ಭದ್ರತೆಗೆಂದು ಫರ್ಮ್‌ವೇರ್ ಪಾಸ್‌ವರ್ಡ್ ಹಾಕಿಸಿದ್ದೇನೆ. ಯಾರಾದರೂ ಕದ್ದು, ಒಳಗಿನ ಹಾರ್ಡ್ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ಈ ಪಾಸ್‌ವರ್ಡ್ ತಡೆಯುತ್ತದೆಯೇ?

ತಡೆಯುವುದಿಲ್ಲ. ಸ್ವಲ್ಪವೂ ತಡೆಯುವುದಿಲ್ಲ. ಏಕೆಂದರೆ ಆ ಪಾಸ್‌ವರ್ಡ್ ಇರುವುದು ಡಿಸ್ಕಿನಲ್ಲಲ್ಲ, ಮದರ್‌ಬೋರ್ಡಿನ ಮೇಲಿರುವ ಒಂದು ಚಿಪ್ಪಿನಲ್ಲಿ. ಪವರ್ ಬಟನ್ ಒತ್ತಿದ ಕೂಡಲೇ, ಮ್ಯಾಕ್ ಓಎಸ್ ಏಳುವುದಕ್ಕೂ ಮೊದಲು, ಆ ಚಿಪ್ಪಿನಲ್ಲಿರುವ ಸಣ್ಣ ತಂತ್ರಾಂಶ ಎಚ್ಚರವಾಗುತ್ತದೆ. ಅದನ್ನೇ ಫರ್ಮ್‌ವೇರ್ ಎನ್ನುವುದು. ಯಾವ ಡಿಸ್ಕಿನಿಂದ ಯಂತ್ರ ಚಾಲೂ ಆಗಬೇಕು ಎಂದು ತೀರ್ಮಾನಿಸುವುದು ಅದರ ಕೆಲಸ. ನೀವು ಹಾಕಿಸಿದ ಪಾಸ್‌ವರ್ಡ್ ಆ ತೀರ್ಮಾನವನ್ನು ಬೇರೆಯವರು ಬದಲಿಸದಂತೆ ನೋಡಿಕೊಳ್ಳುತ್ತದೆ, ಅಷ್ಟೆ. ಡಿಸ್ಕಿನಲ್ಲಿರುವ ಒಂದಕ್ಷರವನ್ನೂ ಅದು ಮುಟ್ಟಿರುವುದಿಲ್ಲ.

ನಿಮ್ಮ ಮಾದರಿಯಲ್ಲಿ ಕಳ್ಳನ ಕೆಲಸ ಇನ್ನೂ ಸುಲಭ. ತಳದ ಹತ್ತು ಸ್ಕ್ರೂ ಬಿಚ್ಚಿದರೆ ಮುಚ್ಚಳ ಕೈಗೆ ಬರುತ್ತದೆ. ಎರಡೂವರೆ ಇಂಚಿನ ಸಾಮಾನ್ಯ ಸಾಟಾ ಡಿಸ್ಕ್ ಕಣ್ಣೆದುರಿಗೇ ಇರುತ್ತದೆ. ಒಂದು ಪಟ್ಟಿ ಸಡಿಲಿಸಿ, ಕೇಬಲ್ ಕಿತ್ತರೆ ಅದು ಹೊರಗೆ. ಯಾವ ಕಂಪ್ಯೂಟರ್ ಅಂಗಡಿಯಲ್ಲೂ ಸಿಗುವ ಸಾಟಾ-ಯುಎಸ್‌ಬಿ ಕೇಬಲ್ ಹಾಕಿ ಇನ್ನೊಂದು ಮ್ಯಾಕ್‌ಗೆ ಚುಚ್ಚಿದರೆ, ಪೆನ್‌ಡ್ರೈವ್ ಕಾಣಿಸಿಕೊಳ್ಳುವಂತೆಯೇ ನಿಮ್ಮ ಡಿಸ್ಕ್ ಕಾಣಿಸಿಕೊಳ್ಳುತ್ತದೆ. ನಿಮ್ಮ ಹೆಸರಿನ ಫೋಲ್ಡರ್ ಮೇಲೆ ಕೆಲವೊಮ್ಮೆ ಪ್ರವೇಶವಿಲ್ಲ ಎಂಬ ಗುರುತು ಬರಬಹುದು. ಅದೂ ಹೆಸರಿಗೆ ಮಾತ್ರ. ಡಿಸ್ಕಿನ ಮಾಹಿತಿ ಕಿಟಕಿಯಲ್ಲಿ `Ignore ownership on this volume` ಎಂಬಲ್ಲಿ ಟಿಕ್ ಹಾಕಿದರೆ ಆ ತಡೆಯೂ ಮಾಯ. ದಿನವೂ ನೀವು ಟೈಪಿಸುವ ಲಾಗಿನ್ ಪಾಸ್‌ವರ್ಡನ್ನು ಇಲ್ಲಿ ಯಾರೂ ಕೇಳುವುದಿಲ್ಲ. ಅದನ್ನು ಕೇಳಬೇಕಾದ ನಿಮ್ಮ ಮ್ಯಾಕ್ ಓಎಸ್ಸೇ ಈಗ ಓಡುತ್ತಿಲ್ಲವಲ್ಲ! ಉಳಿದುಕೊಳ್ಳುವುದು ಕೀಚೈನ್‌ನಲ್ಲಿ ಕೂಡಿಟ್ಟ ಪಾಸ್‌ವರ್ಡ್‌ಗಳು ಮಾತ್ರ. ಅವು ಲಾಗಿನ್ ಪಾಸ್‌ವರ್ಡಿನಿಂದಲೇ ಗೂಢಲಿಪಿಯಾಗಿರುತ್ತವೆ.

ಕೆಲವರು ಇದನ್ನು ಪರೀಕ್ಷಿಸಲು ಮ್ಯಾಕ್ ಡಿಸ್ಕನ್ನು ವಿಂಡೋಸ್ ಕಂಪ್ಯೂಟರಿಗೆ ಹಾಕುತ್ತಾರೆ. ಅದು “ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು” ಎಂದಾಗ ನಿಟ್ಟುಸಿರು ಬಿಡುತ್ತಾರೆ. ಆ ಸಂದೇಶಕ್ಕೂ ಭದ್ರತೆಗೂ ಸಂಬಂಧವಿಲ್ಲ. ಮ್ಯಾಕ್ ಡಿಸ್ಕಿನ ವಿನ್ಯಾಸ ವಿಂಡೋಸ್‌ಗೆ ಅರ್ಥವಾಗಲಿಲ್ಲ ಎಂದಷ್ಟೇ ಅದು ಹೇಳುತ್ತಿರುವುದು.

ಪ್ರಶ್ನೆ: ಹಾಗಾದರೆ ಫರ್ಮ್‌ವೇರ್ ಪಾಸ್‌ವರ್ಡ್ ಇದ್ದೂ ದಂಡವೇ?

ದಂಡವೇನಲ್ಲ. ಅದು ಕಾಯುವುದು ಯಂತ್ರವನ್ನು. ಸ್ಕ್ರೂಡ್ರೈವರ್ ಹಿಡಿಯದೆ, ಬರಿಯ ಪೆನ್‌ಡ್ರೈವ್ ಚುಚ್ಚಿ ನಿಮ್ಮ ಮ್ಯಾಕನ್ನು ಚಾಲೂ ಮಾಡಿಕೊಳ್ಳುವವನನ್ನು, ಆರಂಭದಲ್ಲಿ `T` ಕೀ ಒತ್ತಿ ಇಡೀ ಲ್ಯಾಪ್‌ಟಾಪನ್ನೇ ಇನ್ನೊಂದು ಮ್ಯಾಕ್‌ನ ಹೊರಡಿಸ್ಕಿನಂತೆ ಓದಿಕೊಳ್ಳುವವನನ್ನು ಅದು ಬೀಗದ ಚಿತ್ರ ತೋರಿಸಿ ನಿಲ್ಲಿಸುತ್ತದೆ. 2010ರವರೆಗಿನ ಬಹುತೇಕ ಮ್ಯಾಕ್‌ಗಳಲ್ಲಿ ರ‍್ಯಾಮ್ ಪಟ್ಟಿಯನ್ನು ಬದಲಿಸಿ ಈ ಬೀಗವನ್ನು ಕಳಚಬಹುದಿತ್ತು. 2011ರಿಂದ ಆ ದಾರಿ ಮುಚ್ಚಿತು. ಈಗ ನೀವೇ ಮರೆತರೂ ಖರೀದಿ ಬಿಲ್ ಹಿಡಿದು ಆಪಲ್ ಸೇವಾ ಕೇಂದ್ರಕ್ಕೆ ಹೋಗಬೇಕು. ಡಿಸ್ಕ್ ತೆಗೆದವನಿಗೆ ನಿಮ್ಮ ಕಡತಗಳು ಸಿಗುತ್ತವೆ, ಲ್ಯಾಪ್‌ಟಾಪ್ ಮಾತ್ರ ಉಪಯೋಗಕ್ಕೆ ಬರುವುದಿಲ್ಲ. ನಿಮಗೆ ಬೇಕಾಗಿದ್ದುದು ಇದರ ತಿರುಗುಮುರುಗು.

ಪ್ರಶ್ನೆ: ಮತ್ತೆ ಡೇಟಾ ಕಾಯಲು ಏನು ಮಾಡಬೇಕು?

ಡಿಸ್ಕಿನಲ್ಲಿರುವುದನ್ನೇ ಗೂಢಲಿಪಿಗೆ ತಿರುಗಿಸಬೇಕು. ಮ್ಯಾಕ್‌ನಲ್ಲಿ ಅದಕ್ಕಿರುವ ಸೌಲಭ್ಯ ಫೈಲ್‌ವಾಲ್ಟ್. ಇಡೀ ಡಿಸ್ಕಿಗೆ ಅನ್ವಯಿಸುವ ಇಂದಿನ ರೂಪದಲ್ಲಿ ಅದು ಬಂದದ್ದು 2011ರ ಲಯನ್ ಆವೃತ್ತಿಯೊಂದಿಗೆ. ಇದನ್ನು ಹಾಕಿದ ಮೇಲೆ ಡಿಸ್ಕಿಗೆ ಬರೆಯುವ ಪ್ರತಿಯೊಂದೂ ಒಂದು ಕೀಲಿಯಿಂದ ಕಲಸಿಹೋಗುತ್ತದೆ. ಆ ಕೀಲಿಯೂ ಡಿಸ್ಕಿನಲ್ಲೇ ಇರುತ್ತದೆ, ಆದರೆ ನಿಮ್ಮ ಲಾಗಿನ್ ಪಾಸ್‌ವರ್ಡ್ ಇಲ್ಲದೆ ಬಿಚ್ಚಲಾಗದಂತೆ ಸುತ್ತಿಟ್ಟಿರುತ್ತದೆ. ಹೀಗಾಗಿ ಡಿಸ್ಕ್ ಎಲ್ಲಿಗೆ ಹೋದರೂ ರಕ್ಷಣೆಯೂ ಅದರ ಜೊತೆಗೇ ಹೋಗುತ್ತದೆ. ಪಾಸ್‌ವರ್ಡ್ `123456` ಆಗಿದ್ದರೆ ಮಾತ್ರ ಈ ಗಣಿತವೆಲ್ಲ ವ್ಯರ್ಥ. ಡಿಸ್ಕ್ ಕೈಯಲ್ಲಿರುವವನು ಊಹಿಸುತ್ತ ಕೂರಬಹುದು.

ಸಿಸ್ಟಮ್ ಪ್ರಿಫರೆನ್ಸಸ್‌ನಲ್ಲಿ ಸೆಕ್ಯುರಿಟಿ ವಿಭಾಗಕ್ಕೆ ಹೋಗಿ ಅದನ್ನು ಆನ್ ಮಾಡಿ. 24 ಅಕ್ಷರ-ಅಂಕಿಗಳ ರಿಕವರಿ ಕೀ ಒಂದನ್ನು ತೋರಿಸುತ್ತದೆ. ಅದನ್ನು ಕಾಗದದಲ್ಲಿ ಬರೆದು ಲ್ಯಾಪ್‌ಟಾಪಿನಿಂದ ದೂರ ಇಡಿ, ಚೀಲದ ಜೇಬಿನಲ್ಲಂತೂ ಬೇಡ. ಪಾಸ್‌ವರ್ಡೂ ಮರೆತು ಈ ಕೀಲಿಯೂ ಕಳೆದರೆ ಯಾವ ರಿಪೇರಿಯವರೂ ನಿಮ್ಮ ಕಡತಗಳನ್ನು ಮರಳಿಸಲಾರರು. ಹಾಗಾಗಿ ಮೊದಲು ಬ್ಯಾಕಪ್, ಆಮೇಲೆ ಫೈಲ್‌ವಾಲ್ಟ್.

ಗುಂಡಿ ಒತ್ತಿದ ಕೂಡಲೇ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ತಿರುಗುವ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಇರುವ ಕಡತಗಳನ್ನೆಲ್ಲ ಮಾರ್ಪಡಿಸಲು ಹಲವು ಗಂಟೆ ಬೇಕು, ಚಾರ್ಜರ್ ಸಿಕ್ಕಿಸಿಯೇ ಇರಬೇಕು. ಮುಗಿದಿದೆಯೇ ಎಂದು ನೋಡಲು ಟರ್ಮಿನಲ್ ತೆರೆದು ಹೀಗೆ ಬರೆಯಿರಿ:

```
fdesetup status
```

`FileVault is On.` ಎಂದಷ್ಟೇ ಬಂದರೆ ಸರಿ. ಅದರ ಕೆಳಗೆ `Encryption in progress` ಎಂದೂ ಬಂದರೆ ಡಿಸ್ಕಿನ ಒಂದು ಭಾಗ ಇನ್ನೂ ಬಯಲಾಗಿಯೇ ಇದೆ. ಅನುಮಾನ ಉಳಿದರೆ ಕಳ್ಳನ ಕೆಲಸವನ್ನು ನೀವೇ ಮಾಡಿ ನೋಡಬಹುದು. ಡಿಸ್ಕ್ ಬಿಚ್ಚಿ ಬೇರೆ ಮ್ಯಾಕ್‌ಗೆ ಜೋಡಿಸಿ. ಅದು ಪಾಸ್‌ವರ್ಡ್ ಕೇಳಿ ನಿಂತರೆ ಗೆದ್ದಿರಿ.

ಎರಡು ಕಡೆ ಜನ ಎಡವುತ್ತಾರೆ. ಮೊದಲನೆಯದು, ಮುಚ್ಚಳ ಮಡಚಿ ನಿದ್ರೆಗೆ ಕಳಿಸುವ ಅಭ್ಯಾಸ. ಆಗ ಡಿಸ್ಕಿನ ಕೀಲಿ ಸಾಮಾನ್ಯವಾಗಿ ರ‍್ಯಾಮ್‌ನಲ್ಲಿ ಉಳಿದಿರುತ್ತದೆ. ಡಿಸ್ಕ್ ಕಿತ್ತೊಯ್ದವನಿಗೆ ಅದರಿಂದ ಲಾಭವಿಲ್ಲ, ಆದರೆ ಇಡೀ ಯಂತ್ರ ಜೀವಂತವಾಗಿ ಸಿಕ್ಕಿದ ನುರಿತವನಿಗೆ ಪ್ರಯತ್ನಿಸಲು ಅವಕಾಶವಿದೆ. ಪ್ರಯಾಣಕ್ಕೆ ಮುನ್ನ ಪೂರ್ತಿ ಆಫ್ ಮಾಡುವುದು ಒಳಿತು. ಎರಡನೆಯದು, ಮನೆಯಲ್ಲೇ ಇರುವ ಇತರ ಡಿಸ್ಕುಗಳು. ಟೈಮ್ ಮಷೀನ್ ಬ್ಯಾಕಪ್ ಡಿಸ್ಕನ್ನು ಫೈಲ್‌ವಾಲ್ಟ್ ತಾನಾಗಿ ಕಾಯುವುದಿಲ್ಲ, ಅದಕ್ಕೆ ಎನ್‌ಕ್ರಿಪ್ಷನ್ ಬೇರೆಯಾಗಿ ಆರಿಸಬೇಕು. ನಿಮ್ಮ ಕಾಲದ ಮ್ಯಾಕ್‌ಬುಕ್ ಇದ್ದವರಲ್ಲಿ ಎಷ್ಟೋ ಮಂದಿ ವೇಗಕ್ಕಾಗಿ ಎಸ್‌ಎಸ್‌ಡಿ ಹಾಕಿಸಿಕೊಂಡಿದ್ದಾರೆ. ತೆಗೆದ ಹಳೆಯ ಡಿಸ್ಕ್ ಎಲ್ಲ ಕಾಗದಪತ್ರಗಳ ಸಮೇತ ಡ್ರಾಯರಿನಲ್ಲಿ ಬಿದ್ದಿರುತ್ತದೆ.

ಪ್ರಶ್ನೆ: ಹೊಸ ಮ್ಯಾಕ್ ಕೊಂಡರೆ ಈ ತಲೆನೋವು ತಪ್ಪುತ್ತದೆಯೇ?

ಡಿಸ್ಕ್ ಕಳಚುವ ಭಯದ ಮಟ್ಟಿಗೆ ಬಹುಪಾಲು ತಪ್ಪುತ್ತದೆ. 2018ರಿಂದ ಬಂದ, ಟಿ2 ಎಂಬ ಭದ್ರತಾ ಚಿಪ್ ಇರುವ ಮ್ಯಾಕ್‌ಗಳಲ್ಲಿ ಡೇಟಾ ಯಾವಾಗಲೂ ಗೂಢಲಿಪಿಯಲ್ಲೇ ಇರುತ್ತದೆ, ಕೀಲಿ ಆ ಚಿಪ್ಪಿಗೇ ಕಟ್ಟಿರುತ್ತದೆ. ಮೆಮೊರಿ ಚಿಪ್ಪುಗಳನ್ನು ಕಿತ್ತೊಯ್ದರೆ ಸಿಗುವುದು ಬರೀ ಕಸ. ಆದರೆ ಫೈಲ್‌ವಾಲ್ಟ್ ಆಫ್ ಇದ್ದರೆ ಅದೇ ಯಂತ್ರ ಯಾವ ಪಾಸ್‌ವರ್ಡೂ ಕೇಳದೆ ಆ ಡೇಟಾವನ್ನು ಬಿಚ್ಚಿಕೊಡುತ್ತದೆ. ಆ ಯಂತ್ರಗಳಲ್ಲಿ ಫರ್ಮ್‌ವೇರ್ ಪಾಸ್‌ವರ್ಡಿಗೆ ಸ್ವಲ್ಪ ಬೆಲೆ ಇತ್ತು. 2020ರ ಎಂ1 ಬಂದ ಮೇಲೆ ಆಪಲ್ ಆ ಪಾಸ್‌ವರ್ಡನ್ನೇ ಕೈಬಿಟ್ಟಿತು. ಅಲ್ಲೂ ಫೈಲ್‌ವಾಲ್ಟ್ ಆನ್ ಇದೆಯೇ ಎಂದು ನೋಡಿಕೊಳ್ಳುವ ಕೆಲಸ ನಿಮ್ಮದೇ.

ಪ್ರಶ್ನೆ: ಮಗನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಬಯಾಸ್ ಪಾಸ್‌ವರ್ಡ್ ಇದೆ. ಅದೂ ಹೀಗೆಯೇ?

ಹೀಗೆಯೇ. ಅದೂ ಮದರ್‌ಬೋರ್ಡಿನಲ್ಲೇ ಕೂತಿರುತ್ತದೆ. ಅದೇ ಪರದೆಯಲ್ಲಿ ಹಾರ್ಡ್ ಡಿಸ್ಕ್ ಪಾಸ್‌ವರ್ಡ್ ಎಂಬ ಬೇರೊಂದು ಆಯ್ಕೆ ಇರಬಹುದು. ಅದು ಡಿಸ್ಕಿನೊಳಗೇ ಇರುವುದರಿಂದ ಬೇರೆ ಕಂಪ್ಯೂಟರಿನಲ್ಲೂ ತಡೆಯುತ್ತದೆ. ಆದರೆ ಸಾಮಾನ್ಯ ಡಿಸ್ಕಿನಲ್ಲಿ ಅದು ಬರೀ ಅಡ್ಡಗಟ್ಟುತ್ತದೆ, ಡೇಟಾವನ್ನು ಕಲಸಿಡುವುದಿಲ್ಲ. ತಾನೇ ಎನ್‌ಕ್ರಿಪ್ಟ್ ಮಾಡಿಕೊಳ್ಳುತ್ತೇನೆನ್ನುವ ಕೆಲವು ಎಸ್‌ಎಸ್‌ಡಿಗಳ ಬೀಗವನ್ನೂ ಪಾಸ್‌ವರ್ಡ್ ಇಲ್ಲದೆ ತೆರೆಯಬಹುದೆಂದು ನೆದರ್‌ಲ್ಯಾಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ತೋರಿಸಿದರು. ಮರುವರ್ಷ ಮೈಕ್ರೋಸಾಫ್ಟ್ ತನ್ನ ಬಿಟ್‌ಲಾಕರ್ ಅಂಥ ಡಿಸ್ಕುಗಳ ಮಾತು ನಂಬದೆ ತಾನೇ ಎನ್‌ಕ್ರಿಪ್ಟ್ ಮಾಡುವಂತೆ ಬದಲಿಸಿತು. ಮಗನ ಲ್ಯಾಪ್‌ಟಾಪಿನಲ್ಲಿ ಹುಡುಕಬೇಕಾದ್ದು ಆ ಬಿಟ್‌ಲಾಕರನ್ನೇ. ವಿಂಡೋಸ್ ಹೋಮ್ ಆವೃತ್ತಿಯಾಗಿದ್ದರೆ ಡಿವೈಸ್ ಎನ್‌ಕ್ರಿಪ್ಷನ್ ಎಂಬ ಹೆಸರಿನಲ್ಲಿ ಅದು ಸಿಗಬಹುದು.