ಕೈ ಜುಮ್ಮೆನ್ನದ ಹೊಡೆತ

ಬ್ಯಾಟಿನ ತುದಿಗೆ ಚೆಂಡು ತಗುಲಿದರೆ ಅಂಗೈಯಿಂದ ಮೊಣಕೈವರೆಗೂ ಜುಮ್ಮೆನ್ನುತ್ತದೆ. ಅದೇ ವೇಗದ ಇನ್ನೊಂದು ಚೆಂಡು ಅಲಗಿನ ಒಂದು ನಿರ್ದಿಷ್ಟ ಜಾಗಕ್ಕೆ ಬಿದ್ದರೆ ಹೊಡೆದದ್ದೇ ಕೈಗೆ ತಿಳಿಯುವುದಿಲ್ಲ. ಆಟಗಾರರು ಇದನ್ನು ‘ಮಿಡಲ್ ಆಯ್ತು’ ಅನ್ನುತ್ತಾರೆ. ಆದರೆ ಆ ಜಾಗ ಬ್ಯಾಟಿನ ನಡುಮಧ್ಯೆ ಇರುವುದಿಲ್ಲ, ಅಲ್ಲಿಂದ ಸಾಕಷ್ಟು ಕೆಳಗಿರುತ್ತದೆ.

ಬ್ಯಾಟಿನ ಆಕಾರ ಲೆಕ್ಕಕ್ಕೆ ತೊಡಕು. ಬದಲಿಗೆ ಉದ್ದಕ್ಕೂ ಒಂದೇ ದಪ್ಪವಿರುವ 90 ಸೆಂಟಿಮೀಟರಿನ ಕೋಲೊಂದನ್ನು ನೋಡೋಣ. ಅದರ ಒಂದು ತುದಿಯನ್ನು ಹಿಡಿ ಎನ್ನೋಣ. ಸದ್ಯಕ್ಕೆ ಅದನ್ನು ಯಾರೂ ಬಿಗಿಯಾಗಿ ಹಿಡಿದಿಲ್ಲ. ಕೋಲಿಗೆ ಎಲ್ಲಿ ಏಟು ಬಿದ್ದರೂ ಇಡೀ ಕೋಲು ಹಿಂದಕ್ಕೆ ಸರಿಯುತ್ತದೆ. ಏಟು ನಡುವಿನಿಂದ ಆಚೀಚೆ ಬಿದ್ದಿದ್ದರೆ ಸರಿಯುವುದರ ಜೊತೆಗೆ ತಿರುಗುತ್ತದೆ ಕೂಡ.

ನಡುವಿಗೆ, ಅಂದರೆ 45 ಸೆಂಟಿಮೀಟರಿಗೆ ಬಿದ್ದ ಏಟಿಗೆ ತಿರುಗುವ ಪ್ರಶ್ನೆಯೇ ಇಲ್ಲ. ಹಿಡಿಯೂ ಸೇರಿ ಇಡೀ ಕೋಲು ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹಿಂದಕ್ಕೆ ಹೋಯಿತು ಎಂದಿಟ್ಟುಕೊಳ್ಳಿ. ಅಷ್ಟೇ ಜೋರಿನ ಏಟು ಇನ್ನೂ 15 ಸೆಂಟಿಮೀಟರ್ ಕೆಳಗೆ ಬಿದ್ದರೆ ಹಿಂದಕ್ಕೆ ಸರಿಯುವ ವೇಗ ಬದಲಾಗದು, ಆದರೆ ಈಗ ಕೋಲು ತಿರುಗುತ್ತದೆ. ಕೆಳತುದಿ ಹಿಂದಕ್ಕೆ ಹೋದಂತೆ ಹಿಡಿ ಮುಂದಕ್ಕೆ ಬರಬೇಕು, ಅದೂ ಸೆಕೆಂಡಿಗೆ ಸರಿಯಾಗಿ 1 ಮೀಟರ್ ವೇಗದಲ್ಲಿ. ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಆ ಕ್ಷಣಕ್ಕೆ ಹಿಡಿ ಕದಲುವುದೇ ಇಲ್ಲ. ಕದಲದ ಹಿಡಿ ಕೈಗೆ ಏಟು ಕೊಡುವುದಾದರೂ ಹೇಗೆ? ಹಿಡಿಯಿಂದ 60 ಸೆಂಟಿಮೀಟರ್ ದೂರದ, ಎಂದರೆ ಕೋಲಿನ ಮೂರರಲ್ಲಿ ಎರಡು ಭಾಗದ ಈ ಬಿಂದುವೇ ‘ಸೆಂಟರ್ ಆಫ್ ಪರ್ಕಶನ್’, ಆಘಾತಕೇಂದ್ರ. ಅದೇ ಏಟು ಕೆಳತುದಿಗೇ ಬಿದ್ದರೆ ತಿರುಗುವಿಕೆ ಗೆದ್ದು, ಹಿಡಿ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಮುಂದಕ್ಕೆ ಜಿಗಿಯುತ್ತದೆ. ನಡುವಿನ ಏಟಿಗಿಂತ ತುದಿಯ ಏಟು ಕೈಗೆ ಹೆಚ್ಚು ಕೆಟ್ಟದ್ದೆನಿಸುವುದು ಸುಮ್ಮನೆ ಅಲ್ಲ.

ನಂಬಿಕೆ ಬಾರದಿದ್ದರೆ ನುಣುಪಾದ ಮೇಜಿನ ಮೇಲೆ 30 ಸೆಂಟಿಮೀಟರಿನ ಸ್ಕೇಲನ್ನು ಇಟ್ಟು, 20ರ ಗುರುತಿನ ಹತ್ತಿರ ಅಂಚಿಗೆ ಬೆರಳಿನಿಂದ ಚಿಮ್ಮಿ. ಸೊನ್ನೆಯ ತುದಿ ಮೊದಲಿಗೆ ಇದ್ದಲ್ಲೇ ಉಳಿದು ಉಳಿದ ಭಾಗ ಅದರ ಸುತ್ತ ತಿರುಗುವುದು ಕಾಣುತ್ತದೆ.

ನಿಜವಾದ ಬ್ಯಾಟಿಗೆ ಮೂರರಲ್ಲಿ ಎರಡು ಭಾಗದ ಲೆಕ್ಕ ಹೊಂದದು, ಅದರ ತೂಕವೆಲ್ಲ ಕೆಳಗಿದೆ. ಅಲ್ಲಿ ನೆರವಿಗೆ ಬರುವುದು ಡಚ್ ವಿಜ್ಞಾನಿ ಹೈಗೆನ್ಸ್. ಗಡಿಯಾರದ ಲೋಲಕದ ಬಗ್ಗೆ 1673ರಲ್ಲಿ ಅವನು ಪ್ರಕಟಿಸಿದ ಲೆಕ್ಕವೇ ಇಲ್ಲಿಗೂ ಸಾಕು. ಬ್ಯಾಟನ್ನು ಹಿಡಿಯುವ ಜಾಗದಿಂದ ತೂಗುಹಾಕಿ, ಮೆಲ್ಲನೆ ಓಲಾಡಿಸಿ, ಹೋಗಿ ಬರುವ ಹತ್ತು ಓಲಾಟದ ಸಮಯ ಅಳೆಯಿರಿ. ಹತ್ತರಿಂದ ಭಾಗಿಸಿ, ಬಂದದ್ದರ ವರ್ಗವನ್ನು 25ರಿಂದ ಗುಣಿಸಿದರೆ ತೂಗುಹಾಕಿದ ಜಾಗದಿಂದ ಆಘಾತಕೇಂದ್ರ ಎಷ್ಟು ಸೆಂಟಿಮೀಟರ್ ಕೆಳಗಿದೆ ಎಂಬುದು ಹೆಚ್ಚುಕಡಿಮೆ ಸಿಗುತ್ತದೆ. ನಮ್ಮ ಕೋಲನ್ನು ತುದಿಯಿಂದ ತೂಗಿದರೆ ಹತ್ತು ಓಲಾಟಕ್ಕೆ ಸುಮಾರು 15.5 ಸೆಕೆಂಡು. 1.55ರ ವರ್ಗ 2.4, ಅದರ 25 ಪಟ್ಟು 60.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಅನೇಕ ಪುಸ್ತಕಗಳು ಇಲ್ಲಿಗೇ ಮುಗಿಸುತ್ತವೆ. ಆದರೆ ಯಾರೂ ಬ್ಯಾಟನ್ನು ಒಂದು ಬಿಂದುವಿನಲ್ಲಿ ಹಿಡಿಯುವುದಿಲ್ಲ. ಕೋಲಿನ ತುದಿಯಿಂದ 5 ಸೆಂಟಿಮೀಟರಿನಲ್ಲಿ ಮೇಲಿನ ಕೈ ಇದ್ದರೆ ಅದಕ್ಕೆ ಹಿತವಾದ ಬಿಂದು ತುದಿಯಿಂದ 62ರ ಹತ್ತಿರ ಬರುತ್ತದೆ. 20 ಸೆಂಟಿಮೀಟರಿನಲ್ಲಿರುವ ಕೆಳಗಿನ ಕೈಗೆ ಅದು 72. ಎರಡು ಕೈಗೂ ಒಪ್ಪುವ ಒಂದೇ ಬಿಂದು ಇಲ್ಲ.

ಇನ್ನೊಂದು ತಕರಾರು ಮರದ್ದೇ. ಕೋಲು ಕಲ್ಲಿನಂತೆ ಗಟ್ಟಿಯಲ್ಲ, ಏಟು ಬಿದ್ದಾಗ ಬಾಗಿ ಕಂಪಿಸುತ್ತದೆ. ಕೈಯ ಜುಮ್ಮೆನ್ನುವಿಕೆಯಲ್ಲಿ ದೊಡ್ಡ ಪಾಲು ಈ ಕಂಪನದ್ದು. ಹೀಗೆ ಕಂಪಿಸುವಾಗಲೂ ಕದಲದೆ ಉಳಿಯುವ ಎರಡು ಜಾಗಗಳಿರುತ್ತವೆ. ನಮ್ಮ ಕೋಲಿನಲ್ಲಿ ಅವು ಎರಡೂ ತುದಿಗಳಿಂದ ಸುಮಾರು 20 ಸೆಂಟಿಮೀಟರ್ ಒಳಗಿವೆ. ಅಂದರೆ ಕೆಳಗಿನದು ಹಿಡಿಯ ತುದಿಯಿಂದ 70ರ ಹತ್ತಿರ. ಅಲ್ಲಿ ಏಟು ಬಿದ್ದರೆ ಆ ಕಂಪನ ಏಳುವುದೇ ಇಲ್ಲ. ಸಿಡ್ನಿ ವಿಶ್ವವಿದ್ಯಾಲಯದ ಭೌತವಿಜ್ಞಾನಿ ರಾಡ್ ಕ್ರಾಸ್ ಬೇಸ್‌ಬಾಲ್ ಬ್ಯಾಟು ಹಿಡಿದ ಕೈಗೆ ತಲುಪುವ ಬಲವನ್ನೇ ಅಳೆದು 1998ರಲ್ಲಿ ಬರೆದರು: ಹಿತವಾದ ಜಾಗ ಒಂದು ಬಿಂದುವಲ್ಲ, ಕಿರಿದಾದ ಒಂದು ಪಟ್ಟಿ. ನನಗೂ ಇದೇ ಸರಿಯಾದ ಉತ್ತರವೆನಿಸುತ್ತದೆ. ಕ್ರಿಕೆಟ್ ಬ್ಯಾಟಿನ ಹಿಡಿಯಲ್ಲಿ ಬೆತ್ತದ ನಡುವೆ ರಬ್ಬರ್ ಪಟ್ಟಿ ಸೇರಿಸುವುದು ಉಳಿದ ಕಂಪನವನ್ನು ತಗ್ಗಿಸಲಿಕ್ಕೆ.

ಬ್ಯಾಟು ಕೊಳ್ಳುವಾಗ ಈ ಪಟ್ಟಿಯನ್ನು ಅಂಗಡಿಯಲ್ಲೇ ಹುಡುಕಬಹುದು. ಹಿಡಿಯ ತುತ್ತತುದಿಯನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು ಬ್ಯಾಟನ್ನು ಇಳಿಬಿಡಿ, ಚೆಂಡಿನಿಂದ ಅಲಗನ್ನು ಕೆಳಗಿನಿಂದ ಮೇಲಕ್ಕೆ ತಟ್ಟುತ್ತಾ ಬನ್ನಿ. ಬೆರಳಿಗೆ ನಡುಕ ಅತಿ ಕಡಿಮೆ ಬಂದ ಕಡೆ ಪೆನ್ಸಿಲ್ ಗುರುತು ಹಾಕಿಕೊಳ್ಳಿ.