ಹೀಗಲ್ಲ, ಹೀಗೆ: ಗ್ರಾಹಕರಿಗೆ ಉತ್ತರಿಸುವ ದನಿ

‘ಸ್ನೇಹದಿಂದ, ಗೌರವದಿಂದ, ಸಹಾನುಭೂತಿಯಿಂದ ಮಾತಾಡಿ.’ ಕಸ್ಟಮರ್ ಸಪೋರ್ಟ್ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಇಂಥದ್ದೊಂದು ಸೂಚನೆ ಸಿಗುತ್ತದೆ. ಎಲ್ಲರೂ ತಲೆಯಾಡಿಸುತ್ತಾರೆ. ಆಮೇಲೆ ಒಬ್ಬರು ಪ್ರತಿ ಸಾಲಿಗೂ ‘ಸರ್’ ಸೇರಿಸುತ್ತಾರೆ, ಇನ್ನೊಬ್ಬರು ನಗುಮುಖದ ಇಮೋಜಿ ಹಾಕುತ್ತಾರೆ, ಮತ್ತೊಬ್ಬರು ಸರ್ಕಾರಿ ಸುತ್ತೋಲೆಯ ಭಾಷೆಗೆ ಹೋಗುತ್ತಾರೆ. ಧಾರವಾಡದವರ ‘ಹೇಳ್ರಿ’ಯಲ್ಲಿ ಮರ್ಯಾದೆಯೂ ಇದೆ, ಆಪ್ತತೆಯೂ ಇದೆ, ಆ ದನಿಯ ರೂಢಿಯಿಲ್ಲದ ಕಿವಿಗೆ ಅದೇ ಮಾತು ಒರಟೆನಿಸಬಹುದು. ‘ಸ್ನೇಹದಿಂದ’ ಎಂದರೆ ಏನೆಂಬುದು ಪ್ರತಿಯೊಬ್ಬರ ತಲೆಯಲ್ಲೂ ಬೇರೆ ಬೇರೆ. ಹಾಗಾಗಿ ಗುಣವಾಚಕಗಳ ಪಟ್ಟಿಯಿಂದ ದನಿ ನಿಗದಿಯಾಗುವುದಿಲ್ಲ. ‘ಹೀಗೆ ಬೇಡ, ಹೀಗೆ ಬರೆಯಿರಿ’ ಎಂಬ ವಾಕ್ಯಜೋಡಿಗಳು ಬೇಕು.

ಇಮೇಲ್ ಸೇವೆಯ ಅಮೆರಿಕನ್ ಕಂಪನಿ ಮೇಲ್‌ಚಿಂಪ್ ಈ ವಿಷಯದಲ್ಲಿ ಹೆಸರುವಾಸಿ. ತನ್ನ ಬರವಣಿಗೆಯ ಕೈಪಿಡಿಯನ್ನು ಅದು ಎಲ್ಲರೂ ಓದುವಂತೆ ತೆರೆದಿಟ್ಟಿದೆ. ಕಂಪನಿಯ ವ್ಯಕ್ತಿತ್ವ ಸದಾ ಒಂದೇ, ಆದರೆ ಎದುರಿಗಿರುವವರ ಮನಸ್ಥಿತಿಗೆ ತಕ್ಕಂತೆ ದನಿ ಬದಲಾಗಬೇಕು ಎಂಬುದು ಅದರ ತಿರುಳು. ಒಂದು ಗುಣದ ಪಕ್ಕದಲ್ಲೇ ಅದರ ಗಡಿಯನ್ನೂ ಹೇಳಿದ್ದು ಅದರ ಹಿಂದಿನ ಆವೃತ್ತಿಯ ಇನ್ನೊಂದು ಜಾಣತನ: ಆತ್ಮವಿಶ್ವಾಸ ಇರಲಿ, ಜಂಬ ಬೇಡ, ಅನೌಪಚಾರಿಕವಾಗಿರಲಿ, ಅಸಡ್ಡೆ ಬೇಡ. ಈ ಗಡಿಗಳು ನಿಜವಾದ ಉತ್ತರದಲ್ಲಿ ಎಲ್ಲಿ ಬೀಳುತ್ತವೆ ಎಂಬುದನ್ನು ಮಾತ್ರ ಪ್ರತಿ ತಂಡವೂ ತನ್ನದೇ ಗ್ರಾಹಕರ ಪತ್ರಗಳಲ್ಲಿ ಹುಡುಕಿಕೊಳ್ಳಬೇಕು.

ಯುಪಿಐ ಪಾವತಿ ಆ್ಯಪ್‌ ಒಂದರ ಕನ್ನಡ ಸಪೋರ್ಟ್ ತಂಡವನ್ನು ಊಹಿಸಿಕೊಳ್ಳಿ. 4ನೇ ತಾರೀಕು ಒಬ್ಬರ ಸಂದೇಶ ಬರುತ್ತದೆ: ‘ನಿನ್ನೆ ದಿನಸಿ ಅಂಗಡಿಯಲ್ಲಿ 1,840 ರೂ. ಕಳಿಸಿದೆ. ನನ್ನ ಖಾತೆಯಿಂದ ಹೋಗಿದೆ, ಅಂಗಡಿಯವರಿಗೆ ಬಂದಿಲ್ಲ. ಕೊನೆಗೆ ಕ್ಯಾಶ್ ಕೊಟ್ಟು ಬಂದೆ. ನನ್ನ ದುಡ್ಡು ಎಲ್ಲಿ?’

ಬೇಡವಾದ ಉತ್ತರ ಹೀಗಿರುತ್ತದೆ: ‘ಆತ್ಮೀಯ ಗ್ರಾಹಕರೇ, ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ತಮ್ಮ ವಹಿವಾಟು ಪ್ರಕ್ರಿಯೆಯಲ್ಲಿದ್ದು, ಆದಷ್ಟು ಶೀಘ್ರದಲ್ಲಿ ಪರಿಹರಿಸಲಾಗುವುದು. ತಮ್ಮ ತಾಳ್ಮೆಗೆ ಧನ್ಯವಾದಗಳು.’

ಬೇಕಾದದ್ದು ಇದು: ‘3ನೇ ತಾರೀಕು ನೀವು ಕಳಿಸಿದ 1,840 ರೂ. ನಿಮ್ಮ ಖಾತೆಯಿಂದ ಹೋಗಿದೆ, ಅಂಗಡಿಯವರಿಗೆ ತಲುಪಿಲ್ಲ. ಎರಡು ಸಲ ದುಡ್ಡು ಕೊಟ್ಟಂತಾಯಿತು, ಕ್ಷಮಿಸಿ. 8ನೇ ತಾರೀಕಿನೊಳಗೆ ಈ ಹಣ ನಿಮ್ಮ ಖಾತೆಗೆ ವಾಪಸ್ ಬರಬೇಕು. ಅಲ್ಲಿವರೆಗೆ ನೀವೇನೂ ಮಾಡಬೇಕಿಲ್ಲ. 9ರ ಬೆಳಿಗ್ಗೆಯೂ ಕಾಣದಿದ್ದರೆ ಇದೇ ಸಂದೇಶಕ್ಕೆ ಉತ್ತರಿಸಿ, ನಾವು ಬ್ಯಾಂಕಿಗೆ ದೂರು ಕಳಿಸುತ್ತೇವೆ.’

ಎರಡನೆಯದು ಹೆಚ್ಚು ಸಿಹಿಯಾಗಿಲ್ಲ, ಗಮನಿಸಿ. ‘ಆತ್ಮೀಯ’ ಹೋಗಿದೆ, ‘ಧನ್ಯವಾದ’ ಹೋಗಿದೆ. ಕೇಳಿದವರಿಗೆ ಬೇಕಾಗಿದ್ದ ಮೂರು ಸಂಗತಿಗಳು ಬಂದಿವೆ: ಹಣ ಈಗ ಎಲ್ಲಿ, ಯಾವಾಗ ಬರುತ್ತದೆ, ಬರದಿದ್ದರೆ ಮುಂದೇನು. ‘ಪರಿಹರಿಸಲಾಗುವುದು’ ಎಂಬಲ್ಲಿ ಕೆಲಸ ಮಾಡುವವರು ಯಾರೆಂದೇ ಗೊತ್ತಾಗುವುದಿಲ್ಲ. ‘ನಾವು ದೂರು ಕಳಿಸುತ್ತೇವೆ’ ಎಂದಾಗ ಹೊಣೆ ಹೊತ್ತವರು ಕಾಣುತ್ತಾರೆ. ಗ್ರಾಹಕರು ಇನ್ನೂ ತೋರಿಸದ ತಾಳ್ಮೆಗೆ ಮುಂಗಡವಾಗಿ ಧನ್ಯವಾದ ಹೇಳುವುದಂತೂ, ನನ್ನ ಮಟ್ಟಿಗೆ, ನಯವಾದ ಗದರಿಕೆ.

8ನೇ ತಾರೀಕು ಎಲ್ಲಿಂದ ಬಂತು? ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಅಂಗಡಿಗೆ ಮಾಡಿದ ಯುಪಿಐ ಪಾವತಿಯಲ್ಲಿ ಖಾತೆಯಿಂದ ಹಣ ಹೋಗಿ ಅಂಗಡಿಗೆ ದೃಢೀಕರಣ ಬರದಿದ್ದರೆ, ವಹಿವಾಟಿನ ದಿನದಿಂದ 5 ದಿನದೊಳಗೆ ಹಣ ತಾನಾಗಿ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ್ದಾದರೆ ಗಡುವು ಒಂದೇ ದಿನ. ಉತ್ತರಿಸುವವರ ಮುಂದೆ ಈ ನಿಯಮ ಇಲ್ಲದಿದ್ದರೆ ಅವರು ‘ಆದಷ್ಟು ಶೀಘ್ರ’ ಎಂದು ಬರೆಯದೆ ಬೇರೆ ದಾರಿಯಿಲ್ಲ. ಆದ್ದರಿಂದ ಒಳ್ಳೆಯ ಕೈಪಿಡಿಯಲ್ಲಿ ‘ಬೇಡ’, ‘ಬೇಕು’ ಜೊತೆಗೆ ‘ಏಕೆ’ ಎಂಬ ಮೂರನೇ ಅಂಕಣವೂ ಇರುತ್ತದೆ. ಇಲ್ಲಿ ಅದರಲ್ಲಿ ಬರೆಯಬೇಕಾದ್ದು ಎರಡೇ ಸಾಲು: ದಿನಾಂಕ ಹೇಳಿ, ದಿನಗಳ ಸಂಖ್ಯೆಯಲ್ಲ, ಎಣಿಸುವ ಕೆಲಸ ಗ್ರಾಹಕರದಾಗಬಾರದು. ಬ್ಯಾಂಕ್ ಮಾಡಬೇಕಾದ ಕೆಲಸಕ್ಕೆ ‘ಬರಬೇಕು’ ಎನ್ನಿ, ‘ಖಂಡಿತ ಬರುತ್ತದೆ’ ಎನ್ನಬೇಡಿ.

ಈ ‘ಬೇಡ’ದ ಅಂಕಣದಲ್ಲೇ ಹೆಚ್ಚಿನ ಕೈಪಿಡಿಗಳು ಸೋಲುತ್ತವೆ. ‘ಅದು ನಮ್ಮ ಸಮಸ್ಯೆಯಲ್ಲ, ಬ್ಯಾಂಕನ್ನೇ ಕೇಳಿ’ ಎಂಬಂಥ ಉದಾಹರಣೆ ಹಾಕಿರುತ್ತಾರೆ. ಹಾಗೆ ಯಾರೂ ಬರೆಯುವುದಿಲ್ಲ; ಓದಿದವರು ‘ನಾನಂತೂ ಹೀಗಿಲ್ಲ’ ಎಂದು ಪುಟ ತಿರುಗಿಸುತ್ತಾರೆ. ಒಳ್ಳೆಯ ಕೆಲಸಗಾರರೇ ಸದುದ್ದೇಶದಿಂದ ಬರೆದ ವಾಕ್ಯ ಅಲ್ಲಿರಬೇಕು. ಅದನ್ನು ಹುಡುಕಲು ಸುಲಭದ ದಾರಿಯಿದೆ. ಹಳೆಯ ಉತ್ತರಗಳಲ್ಲಿ, ಗ್ರಾಹಕರು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಂಥವನ್ನು ಆರಿಸಿ, ಬರೆದವರ ಹೆಸರು ತೆಗೆದು ಮೇಜಿನ ಮೇಲೆ ಇಡಿ. ಎಲ್ಲಿ ಎಡವಿದೆ ಎಂದು ತಂಡವೇ ಗುರುತಿಸಲಿ.

‘ಬೇಕು’ ಅಂಕಣದ ಅಪಾಯ ಬೇರೆಯದು. ಒಂದೇ ಸರಿಯುತ್ತರ ಕೊಟ್ಟರೆ ಅದನ್ನೇ ಎಲ್ಲರೂ ನಕಲು ಮಾಡಿ ಅಂಟಿಸುತ್ತಾರೆ. ಕ್ಯಾಶ್ ಕೊಡದವರಿಗೂ ‘ಎರಡು ಸಲ ದುಡ್ಡು ಕೊಟ್ಟಂತಾಯಿತು’ ಎಂದು ಹೋಗುತ್ತದೆ. ಅದಕ್ಕೇ ಪ್ರತಿ ‘ಬೇಡ’ಕ್ಕೆ ಎರಡು ‘ಬೇಕು’ ಬರೆಯುವುದು ಒಳ್ಳೆಯದು, ಎರಡೂ ಬೇರೆ ಮಾತುಗಳಲ್ಲಿ. ಹಾಗಾದರೆ ಓದುವವರು ವಾಕ್ಯವನ್ನು ಬಿಟ್ಟು ಅದರ ಹಿಂದಿನ ಲೆಕ್ಕಾಚಾರವನ್ನು ಹಿಡಿಯುತ್ತಾರೆ.

ಸಂದರ್ಭ ಬದಲಾದರೆ ಜೋಡಿಯೂ ಬದಲಾಗಬೇಕು. ಆ್ಯಪ್‌ನ ಭಾಷೆ ಬದಲಿಸುವುದು ಹೇಗೆಂದು ಕೇಳಿದವರಿಗೆ ‘ತುಂಬಾ ಸುಲಭ’ ಎಂದು ಲಘುವಾಗಿ ಶುರುಮಾಡಬಹುದು. ‘ಯಾರೋ ಫೋನ್ ಮಾಡಿ ಒಟಿಪಿ ತಗೊಂಡು ದುಡ್ಡು ಹೊಡೆದರು’ ಎಂದವರಿಗೆ ಸಾಂತ್ವನದ ಮಾತನ್ನೂ ಮೊದಲು ಬರೆಯಬಾರದು. ಅಲ್ಲಿ ಮೊದಲ ಸಾಲು ‘ಈಗಲೇ 1930ಕ್ಕೆ ಕರೆ ಮಾಡಿ’ ಎಂದೇ ಇರಬೇಕು. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಯಲು ನಿಮಿಷಗಳೂ ಲೆಕ್ಕಕ್ಕೆ ಬರುತ್ತವೆ. ‘ಒಟಿಪಿ ಕೊಡಬಾರದಿತ್ತು’ ಎಂಬ ಬುದ್ಧಿವಾದ ಆ ಪತ್ರದಲ್ಲಿ ಎಲ್ಲಿಯೂ ಬೇಡ.

ಎಲ್ಲಕ್ಕಿಂತ ಕಷ್ಟದ್ದು ‘ಆಗುವುದಿಲ್ಲ’ ಎನ್ನುವ ಉತ್ತರ. ತಪ್ಪು ನಂಬರಿಗೆ ಹಣ ಕಳಿಸಿದವರಿಗೆ ‘ನಿಮ್ಮ ಕೋರಿಕೆಯನ್ನು ಪರಿಗಣಿಸುತ್ತೇವೆ’ ಎಂದರೆ ಅದು ಸೌಜನ್ಯವಲ್ಲ, ಸುಳ್ಳು ಆಸೆ. ‘ಹಣ ಅವರ ಖಾತೆಗೆ ಸೇರಿದೆ, ಅವರು ಒಪ್ಪದೆ ನಾವು ವಾಪಸ್ ತೆಗೆಯಲಾಗದು. ಈ ಯುಟಿಆರ್ ನಂಬರ್ ಕೊಟ್ಟು ನಿಮ್ಮ ಬ್ಯಾಂಕಿನಲ್ಲಿ ಇಂದೇ ದೂರು ಕೊಡಿ’ ಎನ್ನುವುದು ಸರಿ. ಕೇಳಿದವರಿಗೆ ಬೇಸರವಾಗುತ್ತದೆ, ಆಗಲಿ. ಬೇಸರ ತಪ್ಪಿಸಲು ಹೊರಟ ಉತ್ತರಗಳೇ ಎರಡನೇ, ಮೂರನೇ ದೂರು ಹುಟ್ಟಿಸುವುದು.

ಜೋಡಿಗಳು ಕೆಲಸ ಮಾಡುತ್ತಿವೆಯೇ ಎಂದು ತಿಳಿಯಲು ಒಂದೇ ದೂರನ್ನು ನಾಲ್ಕೈದು ಜನರಿಗೆ ಕೊಟ್ಟು ಬರೆಸಿ, ಹೆಸರು ಮುಚ್ಚಿ ಓದಿ. ಪದಗಳು ಬೇರೆಯಾಗಿದ್ದೂ ಒಂದೇ ಮನೆಯವರು ಬರೆದಂತಿದ್ದರೆ ಸಾಕು. ಇಬ್ಬರು ಬೇರೆ ಬೇರೆ ದಿನಾಂಕ ಕೊಟ್ಟಿದ್ದರೆ ತಪ್ಪು ದನಿಯದಲ್ಲ, ತಂಡಕ್ಕೆ ನಿಯಮವೇ ಸರಿಯಾಗಿ ತಿಳಿದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ತೆಗೆದುಕೊಳ್ಳುವ ಸಣ್ಣ ಅಂಗಡಿಯವರಿಗೂ ಇದು ಹೊರಗಿನ ವಿಷಯವಲ್ಲ. ಕಳೆದ ವಾರದ ನಿಮ್ಮ ಉತ್ತರಗಳನ್ನು ಒಮ್ಮೆ ತೆರೆದು, ‘ಆದಷ್ಟು ಬೇಗ’ ಎಂದಿರುವ ಕಡೆಯೆಲ್ಲ ಒಂದು ತಾರೀಕು ಬರೆಯಲು ಸಾಧ್ಯವೇ ನೋಡಿ.